ಶೈಕ್ಷಣಿಕ ಪ್ರವಾಸಕ್ಕೆ ಪೋಷಕರ ಒಪ್ಪಿಗೆ ಪತ್ರ: ವಸತಿ, ಬಸ್ಸು, ತುರ್ತು ಸಂಪರ್ಕ ಸೇರಿಸಿ ಬರೆಯುವ ಬಗೆ

ದಸರಾ ರಜೆ ಮುಗಿಯುತ್ತಿದ್ದಂತೆ ಶಿಕ್ಷಕ ಮಿತ್ರರಿಂದ ಒಂದೇ ಕೋರಿಕೆ ಬರತೊಡಗುತ್ತದೆ: “ಪ್ರವಾಸದ ಒಪ್ಪಿಗೆ ಪತ್ರದ ಮಾದರಿ ಇದ್ದರೆ ಕಳಿಸಿ ಸರ್.” ಮಾದರಿ ಕೆಳಗೆ ಪೂರ್ತಿಯಾಗಿ ಕೊಟ್ಟಿದ್ದೇನೆ. ಆದರೆ ಅದನ್ನು ನಕಲು ಮಾಡುವ ಮುನ್ನ ಅದಕ್ಕೂ ಮೊದಲು ಬರುವ ಹಂತಗಳನ್ನು ಓದಿ. ಶಾಲೆಯಿಂದ ಶಾಲೆಗೆ ಕೈ ದಾಟುತ್ತ ಬಂದಿರುವ ಹಳೆಯ ಪತ್ರಗಳಲ್ಲಿ ಇರುವುದು ನಾಲ್ಕೇ ಸಾಲು: ಮಗನನ್ನು/ಮಗಳನ್ನು ಕಳಿಸಲು ಒಪ್ಪಿದ್ದೇನೆ, ಅನಾಹುತವಾದರೆ ಶಾಲೆ ಜವಾಬ್ದಾರಿಯಲ್ಲ, ಇಂತಿ, ಸಹಿ. ಮಗು ಎಲ್ಲಿ ಮಲಗುತ್ತದೆ, ಯಾವ ಬಸ್ಸಿನಲ್ಲಿ ಹೋಗುತ್ತದೆ ಎಂಬುದು ಅದರಲ್ಲಿಲ್ಲ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಶಿಕ್ಷಕಿಗೆ ಬೇಕಾದ ಒಂದು ಮಾಹಿತಿಯೂ ಅದರಲ್ಲಿಲ್ಲ.

“ಶಾಲೆ ಜವಾಬ್ದಾರಿಯಲ್ಲ” ಎಂಬ ಸಾಲಿನ ಮೇಲೆ ಬಹಳ ಜನಕ್ಕೆ ಭರವಸೆ ಇದೆ. ಆ ಭರವಸೆ ಇಟ್ಟುಕೊಳ್ಳಬೇಡಿ. 1995ರ ಮೇ ತಿಂಗಳಲ್ಲಿ ಪಂಜಾಬಿನ ಪಠಾಣ್‌ಕೋಟ್ ಬಳಿಯ ಶಾಲೆಯೊಂದು ಮಕ್ಕಳನ್ನು ಬಿಯಾಸ್ ನದಿ ದಡಕ್ಕೆ ಪಿಕ್‌ನಿಕ್‌ಗೆ ಕರೆದೊಯ್ದಾಗ 14 ಮಕ್ಕಳು ನೀರುಪಾಲಾದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರಲ್ಲಿ ಕೋರ್ಟು ಶಾಲೆಯ ಹೊಣೆಯನ್ನು ಎತ್ತಿ ಹಿಡಿದು, ಪ್ರತಿ ಮಗುವಿನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವನ್ನು ಕಾಯಂ ಮಾಡಿತು. ಮಕ್ಕಳನ್ನು ಕರೆದುಕೊಂಡು ಹೋದವರು ಅವರನ್ನು ಜೋಪಾನ ಮಾಡಲೇಬೇಕು. ಆ ಹೊಣೆ ಪೋಷಕರ ಸಹಿಯಿಂದ ಇಳಿಯುವುದಿಲ್ಲ. ಹಾಗಾಗಿ ಆ ಸಾಲನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಉಪಯೋಗಕ್ಕೆ ಬರುವುದನ್ನು ಬರೆಯೋಣ.

ಕೈಯಲ್ಲಿ ಒಂದು ಉದಾಹರಣೆ ಇದ್ದರೆ ವಿಷಯ ಸುಲಭವಾಗುತ್ತದೆ. ತುಮಕೂರಿನ ಒಂದು ಪ್ರೌಢಶಾಲೆ ಎಂದುಕೊಳ್ಳಿ. 9ನೇ ತರಗತಿಯ 44 ಮಕ್ಕಳು, ಜೊತೆಗೆ 5 ಜನ ಸಿಬ್ಬಂದಿ. ಹೋಗುವುದು ಹಂಪಿ, ಐಹೊಳೆ, ಪಟ್ಟದಕಲ್ಲು, ಬಾದಾಮಿಗೆ.

ಹಂತ 1: ಅನುಮತಿ ಮೊದಲು, ಪತ್ರ ಆಮೇಲೆ

ಪೋಷಕರ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಪ್ರವಾಸ ಹೊರಡುವಂತಿಲ್ಲ. ಆ ವರ್ಷದ ಇಲಾಖೆಯ ಸುತ್ತೋಲೆಯನ್ನು ಓದಿ, ನಿಮ್ಮ ಶಾಲೆಗೆ ಅನ್ವಯವಾಗುವಂತೆ ಕ್ಷೇತ್ರ ಶಿಕ್ಷಣಾಧಿಕಾರಿ ಅಥವಾ ಉಪನಿರ್ದೇಶಕರ ಕಚೇರಿಗೆ ಪ್ರಸ್ತಾವ ಕಳಿಸಬೇಕು. ಎಷ್ಟು ದಿನದ ಪ್ರವಾಸ, ರಾತ್ರಿ ಪ್ರಯಾಣ, ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು ಎಂಬ ಷರತ್ತುಗಳೆಲ್ಲ ಸುತ್ತೋಲೆಯಲ್ಲೇ ಇರುತ್ತವೆ. ಹೋದ ವರ್ಷದ ಪ್ರತಿ ಇಟ್ಟುಕೊಂಡು ಈ ವರ್ಷ ಹೊರಡಬೇಡಿ. ಒಂದು ದುರಂತ ನಡೆದರೆ ಷರತ್ತು ಬದಲಾಗುತ್ತದೆ.

ಪತ್ರವನ್ನು ಹೊರಡುವುದಕ್ಕೆ ಮೂರು ವಾರ ಮುಂಚೆ ಮನೆಗೆ ಕಳಿಸಿ. ಒಂದು ವಾರ ಪೋಷಕರಿಗೆ ಓದಿ ತುಂಬಲು, ಒಂದು ವಾರ ನಿಮಗೆ ಪರಿಶೀಲಿಸಿ ಫೋನ್ ಮಾಡಲು, ಉಳಿದ ವಾರ ತಪ್ಪು ತಿದ್ದಲು. “ನಾಳೆ ಸಹಿ ಮಾಡಿಸಿಕೊಂಡು ಬಾ” ಎಂದು ಕಳಿಸಿದರೆ ಅರ್ಧ ಮಕ್ಕಳು ಬಸ್ ನಿಲ್ದಾಣದಲ್ಲಿ ತಾವೇ ಅಪ್ಪನ ಸಹಿ ಹಾಕಿಕೊಂಡು ಬರುತ್ತಾರೆ.

ಹಂತ 2: ದಿನಾಂಕ ಮತ್ತು ವೇಳೆಯನ್ನು ಗಂಟೆ ಸಮೇತ ಬರೆಯಿರಿ

ಪತ್ರದ ಮೊದಲ ಭಾಗದಲ್ಲಿ ದಿನವಾರು ಕಾರ್ಯಕ್ರಮ ಇರಬೇಕು: ಎಷ್ಟು ಗಂಟೆಗೆ ಎಲ್ಲಿಂದ ಹೊರಡುತ್ತೇವೆ, ಎಷ್ಟಕ್ಕೆ ಎಲ್ಲಿ ತಲುಪುತ್ತೇವೆ, ರಾತ್ರಿ ಎಲ್ಲಿ ತಂಗುತ್ತೇವೆ. ಇದನ್ನು ಪೋಷಕರಿಗಾಗಿ ಬರೆಯುತ್ತೇವಾದರೂ ನಿಜವಾದ ಲಾಭ ಯೋಜನೆ ಮಾಡಿದವರಿಗೇ. ವೇಳೆಯ ಕಾಲಂ ತುಂಬುವಾಗ ಯೋಜನೆಯ ಹುಳುಕು ಹೊರಬೀಳುತ್ತದೆ.

ನಮ್ಮ ಉದಾಹರಣೆಯನ್ನೇ ನೋಡಿ. ಎರಡು ರಾತ್ರಿ, ಮೂರು ದಿನ ಎಂದು ಮೊದಲು ಲೆಕ್ಕ ಹಾಕಿದ್ದರು. ಮೊದಲ ದಿನ ಬೆಳಿಗ್ಗೆ 6ಕ್ಕೆ ಹೊರಟು, ಚಿತ್ರದುರ್ಗದ ಮೇಲೆ ಹಾದು, ತಿಂಡಿಗೆ ನಿಲ್ಲಿಸಿ, ಮಧ್ಯಾಹ್ನ 1ರ ಹೊತ್ತಿಗೆ ಹೊಸಪೇಟೆ. ಊಟ ಮುಗಿಸಿ ಹಂಪಿ, ರಾತ್ರಿ ಹೊಸಪೇಟೆಯಲ್ಲಿ. ಎರಡನೇ ದಿನ ಮಧ್ಯಾಹ್ನದವರೆಗೆ ಹಂಪಿ, ಸಂಜೆಗೆ ಬಾದಾಮಿ. ಮೂರನೇ ದಿನ ಬಾದಾಮಿ ಗುಹೆಗಳು, ಪಟ್ಟದಕಲ್ಲು, ಐಹೊಳೆ, ಅಲ್ಲಿಂದ ನೇರ ಊರಿಗೆ. ಹಾಳೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ “ತುಮಕೂರು ತಲುಪುವ ವೇಳೆ” ಎಂಬ ಜಾಗಕ್ಕೆ ಬಂದಾಗ ಗೊತ್ತಾಗುತ್ತದೆ: ಐಹೊಳೆ ಬಿಡುವಾಗ ಮಧ್ಯಾಹ್ನ 3 ಆಗಿರುತ್ತದೆ. ಅಲ್ಲಿಂದ ತುಮಕೂರು ಸುಮಾರು 400 ಕಿಲೋಮೀಟರ್. ಊಟ, ಶೌಚಾಲಯ ಎಂದು ನಿಲ್ಲಿಸುತ್ತ ಬಂದರೆ ನಡುರಾತ್ರಿ. ಮೂರು ದಿನ ಓಡಿಸಿ ದಣಿದ ಚಾಲಕ, ಕತ್ತಲು, ಹೆದ್ದಾರಿಯ ಲಾರಿಗಳು. ಇದಕ್ಕೆ ಯಾರಿಂದಲೂ ಒಪ್ಪಿಗೆ ಕೇಳಬಾರದು.

ಸರಿಪಡಿಸಿದ ಯೋಜನೆ ಹೀಗೆ: ಎರಡು ರಾತ್ರಿ ಹೊಸಪೇಟೆಯಲ್ಲೇ ತಂಗಿ ಹಂಪಿಯನ್ನು ಸಾವಕಾಶ ನೋಡುವುದು. ಮೂರನೇ ದಿನ ಬೆಳಿಗ್ಗೆ 6:30ಕ್ಕೆ ಹೊರಟು ಐಹೊಳೆ, ಪಟ್ಟದಕಲ್ಲು, ಬಾದಾಮಿ ಈ ಕ್ರಮದಲ್ಲಿ ನೋಡಿ ರಾತ್ರಿ ಬಾದಾಮಿಯಲ್ಲಿ ಉಳಿಯುವುದು. ನಾಲ್ಕನೇ ದಿನ ಬರೀ ವಾಪಸು ಪ್ರಯಾಣ, ಬೆಳಿಗ್ಗೆ 6:30ಕ್ಕೆ ಹೊರಟರೆ ಸಂಜೆ ಬೆಳಕಿರುವಾಗಲೇ ತುಮಕೂರು. ಒಂದು ರಾತ್ರಿಯ ಖರ್ಚು ಜಾಸ್ತಿಯಾಗುತ್ತದೆ, ಅನುಮತಿಯೂ ನಾಲ್ಕು ದಿನಕ್ಕೆ ಬೇಕಾಗುತ್ತದೆ. ಅಷ್ಟು ಹಣವಾಗಲಿ ಅನುಮತಿಯಾಗಲಿ ಇಲ್ಲದಿದ್ದರೆ ಬಾದಾಮಿ ಕಡೆಯ ಭಾಗವನ್ನೇ ಕೈಬಿಡುವುದು ವಾಸಿ. ಹಂಪಿಯೊಂದೇ ಮೂರು ದಿನಕ್ಕೆ ಧಾರಾಳ.

ಹಣದ ವಿಷಯ ಇಲ್ಲೇ ಮುಗಿಸಿ. ಒಟ್ಟು ಎಷ್ಟು, ಅದರಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ, ಮಗು ಕೊನೆ ಗಳಿಗೆಯಲ್ಲಿ ಬರದಿದ್ದರೆ ಎಷ್ಟು ವಾಪಸು ಬರುತ್ತದೆ. ಈ ಕೊನೆಯದನ್ನು ಬರೆಯದೆ ಬಿಟ್ಟರೆ ಜಗಳ ಗ್ಯಾರಂಟಿ. ಮಗುವಿನ ಕೈಗೆ ಎಷ್ಟು ಖರ್ಚಿನ ಹಣ ಕೊಡಬಹುದು ಎಂಬ ಮಿತಿಯನ್ನೂ ಹಾಕಿ.

ಹಂತ 3: ಬಸ್ಸಿನ ವಿವರ

“ಸುಸಜ್ಜಿತ ಬಸ್ಸಿನಲ್ಲಿ” ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಸರ್ಕಾರಿ ಸಾರಿಗೆ ಸಂಸ್ಥೆಯಿಂದ ಒಪ್ಪಂದದ ಮೇಲೆ ಪಡೆದ ಬಸ್ಸೋ, ಖಾಸಗಿ ಬಸ್ಸೋ, ಎಷ್ಟು ಸೀಟು, ಎಷ್ಟು ಚಾಲಕರು ಎಂಬುದು ಪೋಷಕರಿಗೆ ಗೊತ್ತಾಗಬೇಕು. 44 ಮಕ್ಕಳು, 5 ಸಿಬ್ಬಂದಿ ಎಂದರೆ 49 ಸೀಟು. ಅಡುಗೆಯವರು, ಸಿಬ್ಬಂದಿಯ ಮನೆಯವರು ಎಂದು ಆಮೇಲೆ ಸೇರಿಸುತ್ತ ಹೋದರೆ ಎರಡು ಸೀಟಿಗೆ ಮೂರು ಮಕ್ಕಳು ಕೂರುವ ಪರಿಸ್ಥಿತಿ ಬರುತ್ತದೆ. “ಪ್ರತಿ ಮಗುವಿಗೆ ಒಂದು ಸೀಟು” ಎಂದು ಪತ್ರದಲ್ಲೇ ಬರೆದುಬಿಡಿ. ಆಗ ಬೇರೆಯವರು ಬರುತ್ತೇನೆ ಎಂದಾಗ ಬೇಡವೆನ್ನಲು ನಿಮಗೂ ಒಂದು ನೆಪ ಸಿಗುತ್ತದೆ.

ಖಾಸಗಿ ಬಸ್ಸಾದರೆ ನೋಂದಣಿ ಪತ್ರ, ಪರ್ಮಿಟ್, ಇನ್ಶೂರೆನ್ಸ್, ಎಫ್‌ಸಿ ಮತ್ತು ಚಾಲಕರ ಲೈಸೆನ್ಸಿನ ಪ್ರತಿಗಳನ್ನು ಮುಂಗಡ ಕೊಡುವ ಮೊದಲೇ ಕೇಳಿ. ಎಫ್‌ಸಿ ಎಂದರೆ ವಾಹನ ರಸ್ತೆಯಲ್ಲಿ ಓಡಲು ಯೋಗ್ಯವಾಗಿದೆ ಎಂದು ಆರ್‌ಟಿಒ ಕೊಡುವ ಪತ್ರ. ಪರ್ಮಿಟ್ ಎಂದರೆ ಬಾಡಿಗೆಗೆ ಪ್ರಯಾಣಿಕರನ್ನು ಕರೆದೊಯ್ಯಲು ಇರುವ ಪರವಾನಗಿ. mParivahan ಆ್ಯಪ್‌ನಲ್ಲಿ ಬಸ್ಸಿನ ಸಂಖ್ಯೆ ಹಾಕಿದರೆ ಎಫ್‌ಸಿ, ಇನ್ಶೂರೆನ್ಸ್ ಯಾವಾಗಿನವರೆಗೆ ಇದೆ ಎಂದು ನೀವೇ ನೋಡಬಹುದು. ಆ ದಿನಾಂಕ ಪ್ರವಾಸದ ಕೊನೆಯ ದಿನಕ್ಕಿಂತ ಮುಂದಿರಬೇಕು. ಶಾಲೆಯ ಹಳದಿ ಬಸ್ಸನ್ನೇ ತೆಗೆದುಕೊಂಡು ಹೋಗುವ ಯೋಚನೆ ಇದ್ದರೆ ಅದರ ಪರ್ಮಿಟ್ ಪ್ರವಾಸಕ್ಕೆ ನಡೆಯುತ್ತದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇಲ್ಲೊಂದು ತೊಡಕಿದೆ. ಮೂರು ವಾರ ಮುಂಚೆ ಪತ್ರ ಕಳಿಸುವಾಗ ಯಾವ ಬಸ್ಸು ಬರುತ್ತದೆ ಎಂದು ಏಜೆನ್ಸಿಯವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಸಂಖ್ಯೆಯ ಜಾಗದಲ್ಲಿ ಸುಳ್ಳು ಸಂಖ್ಯೆ ತುಂಬಬೇಡಿ. “ಬಸ್ಸಿನ ಸಂಖ್ಯೆ, ಚಾಲಕರ ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ಹೊರಡುವ ಹಿಂದಿನ ಸಂಜೆ 6ರೊಳಗೆ ತಿಳಿಸುತ್ತೇವೆ” ಎಂದು ಬರೆಯಿರಿ, ಹಾಗೆಯೇ ತಿಳಿಸಿ. ಬಂದ ಬಸ್ಸು ಕಾಗದದಲ್ಲಿ ತೋರಿಸಿದ್ದಲ್ಲ ಎಂದಾದರೆ ಮತ್ತೆ ಆ್ಯಪ್‌ನಲ್ಲಿ ನೋಡದೆ ಮಕ್ಕಳನ್ನು ಹತ್ತಿಸಬೇಡಿ.

ಚಾಲಕರ ವಿಶ್ರಾಂತಿಯ ಬಗ್ಗೆಯೂ ಒಂದು ಸಾಲು ಇರಲಿ. ಬಾಡಿಗೆ ವಾಹನ ಓಡಿಸುವವರ ಕೆಲಸದ ವೇಳೆಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಮಿತಿ ಹಾಕಿತ್ತು: ದಿನಕ್ಕೆ 8 ಗಂಟೆ, ದೂರದ ಪ್ರಯಾಣಕ್ಕೆ ಹೆಚ್ಚೆಂದರೆ 10, ಸತತ 5 ಗಂಟೆ ಓಡಿಸುವುದರೊಳಗೆ ಅರ್ಧ ಗಂಟೆಯಾದರೂ ಬಿಡುವು. ಅದನ್ನೇ ಅಳತೆಗೋಲು ಮಾಡಿಕೊಂಡು ನಾಲ್ಕೂ ದಿನದ ವೇಳಾಪಟ್ಟಿ ನೋಡಿ. ನಮ್ಮ ನಾಲ್ಕನೇ ದಿನ ಆ ಮಿತಿಗೆ ತೀರಾ ಹತ್ತಿರ ಬರುತ್ತದೆ, ಆದ್ದರಿಂದ ಆ ಬಸ್ಸಿಗೆ ಇಬ್ಬರು ಚಾಲಕರು ಬೇಕು. ಚಾಲಕರಿಗೂ ಮಲಗಲು ಕೋಣೆ ಬುಕ್ ಮಾಡಿ. ಬಸ್ಸಿನಲ್ಲೇ ಸೊಳ್ಳೆ ಕಡಿಸಿಕೊಂಡು ಮಲಗಿದವರಿಂದ ಮರುದಿನ ಎಚ್ಚರ ನಿರೀಕ್ಷಿಸುವುದು ಹೇಗೆ?

ಹಂತ 4: ವಸತಿ

ಪೋಷಕರು, ಅದರಲ್ಲೂ ಹೆಣ್ಣುಮಕ್ಕಳ ತಾಯಂದಿರು, ಹೆಚ್ಚು ಪ್ರಶ್ನೆ ಕೇಳುವುದು ಇಲ್ಲೇ. ಕೇಳಬೇಕಾದದ್ದೂ ಇಲ್ಲೇ. “ಒಳ್ಳೆಯ ಲಾಡ್ಜಿನಲ್ಲಿ ವ್ಯವಸ್ಥೆ ಮಾಡಲಾಗಿದೆ” ಎಂಬುದು ಉತ್ತರವಲ್ಲ. ಪ್ರತಿ ರಾತ್ರಿಗೂ ಹೋಟೆಲಿನ ಹೆಸರು, ವಿಳಾಸ, ಸ್ವಾಗತ ಕೌಂಟರಿನ ಫೋನ್ ಸಂಖ್ಯೆ ಬರೆಯಿರಿ. ಒಂದು ಕೋಣೆಗೆ ಎಷ್ಟು ಮಕ್ಕಳು, ಎಷ್ಟು ಮಂಚ ಎಂಬುದನ್ನೂ ಬರೆಯಿರಿ. ನಾಲ್ಕು ಮಕ್ಕಳಿಗೆ ಒಂದು ಕೋಣೆ ಎಂದರೆ ಎರಡು ಮಂಚದಲ್ಲಿ ಇಬ್ಬಿಬ್ಬರು ಎಂದರ್ಥವೇ, ನೆಲದ ಮೇಲೆ ಹಾಸಿಗೆಯೇ ಎಂದು ಸ್ಪಷ್ಟಪಡಿಸಿ.

ನಮ್ಮ ಉದಾಹರಣೆಯಲ್ಲಿ 24 ಹುಡುಗಿಯರು, 20 ಹುಡುಗರು. ಕೋಣೆಗೆ ನಾಲ್ವರಂತೆ ಹುಡುಗಿಯರಿಗೆ 6, ಹುಡುಗರಿಗೆ 5, ಸಿಬ್ಬಂದಿಗೆ 3, ಚಾಲಕರಿಗೆ 1, ಒಟ್ಟು 15 ಕೋಣೆ. ಹುಡುಗಿಯರ ಆರೂ ಕೋಣೆಗಳು ಒಂದೇ ಮಹಡಿಯಲ್ಲಿ ಸಾಲಾಗಿರಬೇಕು, ಸಾಲಿನ ತುದಿಯಲ್ಲಿ ಶಿಕ್ಷಕಿಯರ ಕೋಣೆ. ಹುಡುಗರಿಗೆ ಬೇರೆ ಮಹಡಿ, ಅಲ್ಲಿ ಶಿಕ್ಷಕರು. ಹೋಟೆಲಿನವರಿಗೆ ಇದನ್ನು ಬುಕ್ ಮಾಡುವಾಗಲೇ ಹೇಳಿ ಬರಹದಲ್ಲಿ ಒಪ್ಪಿಸಬೇಕು. ರಾತ್ರಿ 8ಕ್ಕೆ ಹೋಗಿ ಕೇಳಿದರೆ “ಖಾಲಿ ಇದ್ದದ್ದು ಕೊಟ್ಟಿದ್ದೇವೆ” ಎನ್ನುತ್ತಾರೆ, ಮಕ್ಕಳು ಮೂರು ಮಹಡಿಗೆ ಚದುರಿ, ಅಪರಿಚಿತರ ಕೋಣೆಗಳ ನಡುವೆ ಸಿಕ್ಕಿಕೊಳ್ಳುತ್ತಾರೆ.

ಸಾಧ್ಯವಾದರೆ ಒಬ್ಬರು ಮುಂಚೆಯೇ ಹೋಗಿ ನೋಡಿ ಬರಲಿ. ಚಿಲಕಗಳು ಒಳಗಿನಿಂದ ಭದ್ರವಾಗಿ ಬೀಳುತ್ತವೆಯೇ, ತಾರಸಿಯ ಬಾಗಿಲಿಗೆ ಬೀಗವಿದೆಯೇ, ಬಾಲ್ಕನಿಯ ಕಟಕಟೆ ಎಷ್ಟು ಎತ್ತರ, ಎರಡನೇ ಮೆಟ್ಟಿಲ ದಾರಿ ಎಲ್ಲಿದೆ, ಅದಕ್ಕೆ ಸಾಮಾನು ಒಟ್ಟಿದ್ದಾರೆಯೇ, ಈಜುಕೊಳವಿದ್ದರೆ ರಾತ್ರಿ ಮುಚ್ಚುತ್ತಾರೆಯೇ. ಇದೆಲ್ಲ ಪತ್ರದಲ್ಲಿ ಬೇಡ. “ವಸತಿ ಸ್ಥಳವನ್ನು ಶಾಲೆಯ ಸಿಬ್ಬಂದಿ ಖುದ್ದು ನೋಡಿ ಬಂದಿದ್ದಾರೆ” ಎಂಬ ಒಂದು ಸಾಲು ಸಾಕು, ನೋಡಿ ಬಂದಿದ್ದರೆ ಮಾತ್ರ.

ಪತ್ರದಲ್ಲಿ ಇರಬೇಕಾದದ್ದು ಮಗು ಮತ್ತು ಪೋಷಕರು ಇಬ್ಬರೂ ಪಾಲಿಸಬೇಕಾದ ರಾತ್ರಿಯ ನಿಯಮ: 9:30ಕ್ಕೆ ಹಾಜರಿ, ಅದಾದ ಮೇಲೆ ಕೋಣೆ ಬದಲಿಸುವಂತಿಲ್ಲ, ಶಿಕ್ಷಕರಿಲ್ಲದೆ ಹೋಟೆಲಿನಿಂದ ಹೊರಗೆ ಹೋಗುವಂತಿಲ್ಲ. ಹಾಗೆಯೇ ಅಲ್ಲಿಯ ನೆಂಟರು “ಮಗುವನ್ನು ಒಂದು ಊಟಕ್ಕೆ ಕರೆದುಕೊಂಡು ಹೋಗುತ್ತೇವೆ” ಎಂದು ಬಂದರೆ ಕಳಿಸುವುದಿಲ್ಲ ಎಂದು ಮೊದಲೇ ಹೇಳಿ. ಹೊಸಪೇಟೆಯಲ್ಲಿ ಚಿಕ್ಕಪ್ಪ, ಬಾದಾಮಿಯಲ್ಲಿ ಅತ್ತೆ ಯಾರಿಗಾದರೂ ಇದ್ದೇ ಇರುತ್ತಾರೆ. ಭೇಟಿ ಮಾಡಬಹುದು, ಹೋಟೆಲಿನ ಕೆಳಗಿನ ಹಾಲಿನಲ್ಲಿ, ಶಿಕ್ಷಕರ ಎದುರಿಗೆ.

ಗುರುತಿನ ದಾಖಲೆಯ ಬಗ್ಗೆ ಎಚ್ಚರ. ಹೋಟೆಲಿನವರು ಕೇಳುತ್ತಾರೆಂದು 44 ಮಕ್ಕಳ ಆಧಾರ್ ಜೆರಾಕ್ಸ್ ಕಟ್ಟಿಕೊಂಡು ಹೋಗುವುದು ಬಹಳ ಕಡೆ ರೂಢಿ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಮುಖ್ಯ ಶಿಕ್ಷಕರ ಮೊಹರಿನೊಂದಿಗೆ ಮಕ್ಕಳ ಪಟ್ಟಿ, ಮಕ್ಕಳ ಶಾಲಾ ಗುರುತಿನ ಚೀಟಿ, ಜೊತೆಗಿರುವ ದೊಡ್ಡವರ ಗುರುತಿನ ದಾಖಲೆ ಇಷ್ಟು ಸಾಕೇ ಎಂದು ಬುಕ್ ಮಾಡುವಾಗಲೇ ಕೇಳಿ. ಸಾಲದು ಎಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಲು ಪೋಷಕರಿಗೆ ತಿಳಿಸಿ.

ಹಂತ 5: ನೀರಿಗೆ ಬೇರೆಯೇ ಒಪ್ಪಿಗೆ

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಪ್ರವಾಸದ ವೇಳೆ ನೀರುಪಾಲಾದದ್ದು ನಿಮಗೆ ನೆನಪಿರಬಹುದು. ಹಂಪಿಗೆ ಹೋದರೆ ಸಮುದ್ರವಿಲ್ಲ ಎಂದು ನಿರಾಳವಾಗಬೇಡಿ. ವಿರೂಪಾಕ್ಷ ದೇವಸ್ಥಾನದ ಪಕ್ಕದಲ್ಲೇ ತುಂಗಭದ್ರೆ ಇದೆ, ಬಂಡೆಗಳ ಸಂದಿಯಲ್ಲಿ ಸುಳಿ ಇದೆ, ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ತೆಪ್ಪದ ಸವಾರಿಗೆ ಕರೆಯುವವರು ದಡದಲ್ಲೇ ನಿಂತಿರುತ್ತಾರೆ. ಬಾದಾಮಿಯಲ್ಲಿ ಅಗಸ್ತ್ಯ ತೀರ್ಥ.

ಆದ್ದರಿಂದ ಸಾಮಾನ್ಯ ಒಪ್ಪಿಗೆಯೊಳಗೆ ಇದನ್ನು ಸೇರಿಸಬೇಡಿ. ನನ್ನ ಸಲಹೆ, “ಮಕ್ಕಳನ್ನು ಯಾವುದೇ ನದಿ, ಕೆರೆ, ಈಜುಕೊಳಕ್ಕೆ ಇಳಿಸುವುದಿಲ್ಲ, ತೆಪ್ಪ ಅಥವಾ ದೋಣಿ ಹತ್ತಿಸುವುದಿಲ್ಲ” ಎಂದು ಶಾಲೆಯೇ ಪತ್ರದಲ್ಲಿ ಬರೆದುಕೊಡಬೇಕು. ದೋಣಿ ವಿಹಾರ ಕಾರ್ಯಕ್ರಮದಲ್ಲಿ ಇದ್ದೇ ಇದೆ ಎಂದಾದರೆ ಎಲ್ಲಿ, ಯಾರು ನಡೆಸುವುದು, ಲೈಫ್ ಜಾಕೆಟ್ ಇದೆಯೇ ಎಂದು ಬರೆದು, ಅದಕ್ಕೆ ಹೌದು/ಇಲ್ಲ ಎಂಬ ಪ್ರತ್ಯೇಕ ಚೌಕ ಮತ್ತು ಪ್ರತ್ಯೇಕ ಸಹಿ ಇಡಿ. ಸ್ಥಳಕ್ಕೆ ಹೋದ ಮೇಲೆ ಮಕ್ಕಳ ಒತ್ತಾಯಕ್ಕೆ ಮಣಿದು ಪತ್ರದಲ್ಲಿಲ್ಲದ ಚಟುವಟಿಕೆ ಸೇರಿಸುವುದೇ ಅತಿ ದೊಡ್ಡ ಅಪಾಯ. ಪೋಷಕರು ಒಪ್ಪಿದ್ದು ಬರೆದದ್ದಕ್ಕೆ ಮಾತ್ರ.

ಹಂತ 6: ಆರೋಗ್ಯ ಮತ್ತು ತುರ್ತು ಸಂಪರ್ಕ

ಇದು ಬೇರೆಯೇ ಹಾಳೆಯಲ್ಲಿರಲಿ. ಒಪ್ಪಿಗೆ ಪತ್ರ ಶಾಲೆಯ ಕಡತಕ್ಕೆ ಹೋಗುತ್ತದೆ. ಈ ಹಾಳೆ ನಿಮ್ಮ ಜೊತೆ ಬಸ್ಸಿನಲ್ಲಿ ಬರಬೇಕು.

“ಮಗುವಿಗೆ ಯಾವುದಾದರೂ ಕಾಯಿಲೆ ಇದೆಯೇ?” ಎಂದು ಕೇಳಿದರೆ ಎಲ್ಲರೂ “ಇಲ್ಲ” ಎಂದೇ ಬರೆಯುತ್ತಾರೆ. ಮಗಳಿಗೆ ಫಿಟ್ಸ್ ಇದೆ ಎಂದು ಬರೆದರೆ ಕರೆದುಕೊಂಡು ಹೋಗುವುದಿಲ್ಲವೇನೋ ಎಂಬ ಅಂಜಿಕೆ. ಅದಕ್ಕೆ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿ: ಉಬ್ಬಸ, ಫಿಟ್ಸ್, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಯಾವುದಾದರೂ ಮಾತ್ರೆ ಅಥವಾ ತಿನಿಸು ಒಗ್ಗದಿರುವುದು, ಬಸ್ಸಿನಲ್ಲಿ ವಾಂತಿ, ನಿದ್ದೆಯಲ್ಲಿ ನಡೆಯುವುದು, ಹಾಸಿಗೆ ಒದ್ದೆ ಮಾಡುವುದು. ಮೇಲ್ಗಡೆ ದಪ್ಪ ಅಕ್ಷರದಲ್ಲಿ “ಇಲ್ಲಿ ಬರೆದ ಕಾರಣಕ್ಕೆ ಯಾವ ಮಗುವನ್ನೂ ಪ್ರವಾಸದಿಂದ ಬಿಡುವುದಿಲ್ಲ, ಇದನ್ನು ಉಸ್ತುವಾರಿ ಶಿಕ್ಷಕರು ಮಾತ್ರ ನೋಡುತ್ತಾರೆ” ಎಂದು ಹಾಕಿ. ನಡೆದುಕೊಳ್ಳುವುದೂ ಹಾಗೆಯೇ ಇರಲಿ.

ಮಗು ದಿನವೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೆಸರು, ಎಷ್ಟು, ಯಾವಾಗ ಎಂದು ಪೋಷಕರೇ ಬರೆದು, ಮಾತ್ರೆಯನ್ನು ಅದರ ಸ್ಟ್ರಿಪ್‌ನಲ್ಲೇ, ವೈದ್ಯರ ಚೀಟಿಯ ಜೊತೆ ಕವರಿನಲ್ಲಿ ಹಾಕಿ ಕೊಡಬೇಕು. ಜ್ವರದ ಮಾತ್ರೆ, ವಾಂತಿಯ ಮಾತ್ರೆಯನ್ನು ಶಿಕ್ಷಕರು ಕೊಡಬಹುದೇ ಎಂಬುದಕ್ಕೂ ಹೌದು/ಇಲ್ಲ ಚೌಕ ಇರಲಿ. “ಇಲ್ಲ” ಎಂದವರಿಗೆ ಕೊಡಬೇಡಿ, ಫೋನ್ ಮಾಡಿ ಕೇಳಿ.

ಚಿಕಿತ್ಸೆಯ ಒಪ್ಪಿಗೆಯಲ್ಲಿ ಮೂರು ಮಾತು ಕ್ರಮವಾಗಿ ಬರಬೇಕು. ಮಗುವನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಬಹುದು. ಕೂಡಲೇ ನಮಗೆ ಫೋನ್ ಮಾಡಬೇಕು. ನಾವು ಸಿಗದಿದ್ದರೆ ಜೀವ ಅಥವಾ ಅಂಗಕ್ಕೆ ಅಪಾಯ ತಪ್ಪಿಸಲು ವೈದ್ಯರು ಹೇಳಿದ ತುರ್ತು ಚಿಕಿತ್ಸೆಗೆ ನಮ್ಮ ಒಪ್ಪಿಗೆ ಇದೆ. ಅಪಘಾತವಾದಾಗ ಕಾಗದಪತ್ರ ಸಾಲದೆಂದು ಆಸ್ಪತ್ರೆಯವರು ಚಿಕಿತ್ಸೆ ತಡ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಆದರೂ ಸಹಿಯಾದ ಹಾಳೆ ಕೈಯಲ್ಲಿದ್ದರೆ ನಿಂತವರಿಗೆ ಧೈರ್ಯ. ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಈ ಹಾಳೆ ಸಾಲದು, ಅದಕ್ಕೆ ಪೋಷಕರೇ ಬರಬೇಕು ಅಥವಾ ವೈದ್ಯರೊಂದಿಗೆ ನೇರ ಮಾತಾಡಬೇಕು.

ಇನ್ನು ಫೋನ್ ಸಂಖ್ಯೆಗಳು. ಮೂರು ಬೇಕು: ತಾಯಿಯದು, ತಂದೆಯದು, ಜೊತೆಗೆ ಬೇರೆ ಮನೆಯಲ್ಲಿರುವ ಒಬ್ಬ ನೆಂಟರದು ಅಥವಾ ನೆರೆಯವರದು. ತಂದೆ ಮತ್ತು ತಾಯಿಯ ಜಾಗದಲ್ಲಿ ಒಂದೇ ಸಂಖ್ಯೆ ಬರೆದಿರುವುದು ಎಷ್ಟೋ ಹಾಳೆಗಳಲ್ಲಿ ಕಾಣುತ್ತದೆ. ಮನೆಗೆಲ್ಲ ಇರುವುದು ಅದೊಂದೇ ಫೋನು, ಅದೂ ಕೆಲವೊಮ್ಮೆ ಪ್ರವಾಸಕ್ಕೆ ಹೊರಟ ಮಗುವಿನ ಚೀಲದಲ್ಲೇ! ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗೆ ಪಾಳಿಯ ವೇಳೆ ಫೋನ್ ಕೈಗೆ ಸಿಗದಿರಬಹುದು, ಲಾರಿ ಓಡಿಸುವ ತಂದೆ ಬೇರೆ ರಾಜ್ಯದಲ್ಲಿರಬಹುದು. ಆದ್ದರಿಂದ ಪ್ರತಿ ಸಂಖ್ಯೆಯ ಮುಂದೆ “ಯಾವ ವೇಳೆ ಸಿಗುತ್ತಾರೆ” ಎಂಬ ಕಾಲಂ ಹಾಕಿ. ಮೂರನೆಯವರಿಗೆ ತಮ್ಮ ಹೆಸರು ಕೊಟ್ಟಿರುವುದು ಗೊತ್ತಿರಬೇಕು, ರಾತ್ರಿಯಾದರೂ ಹೊರಟು ಬರುವ ಶಕ್ತಿಯೂ ಇರಬೇಕು. ಹಾಳೆಗಳು ವಾಪಸು ಬಂದ ಮೇಲೆ ಎಲ್ಲ ಸಂಖ್ಯೆಗೂ ಒಮ್ಮೆ ಫೋನ್ ಮಾಡಿ ನೋಡಿ. ಬೇಸರದ ಕೆಲಸ, ಆದರೆ ಕೆಲವಾದರೂ ಚಾಲ್ತಿಯಲ್ಲಿಲ್ಲದವು ಸಿಕ್ಕೇ ಸಿಗುತ್ತವೆ.

ಶಾಲೆಯ ಕಡೆಯಿಂದಲೂ ಮೂರು ಸಂಖ್ಯೆ ಕೊಡಿ: ಉಸ್ತುವಾರಿ ಶಿಕ್ಷಕರು, ಜೊತೆಗಿರುವ ಶಿಕ್ಷಕಿ, ಮತ್ತು ಪ್ರವಾಸಕ್ಕೆ ಬಾರದೆ ಊರಿನಲ್ಲೇ ಉಳಿಯುವ ಒಬ್ಬರು. ಈ ಮೂರನೆಯವರ ಬಳಿ ಎಲ್ಲ ಹಾಳೆಗಳ ಒಂದು ಪ್ರತಿ ಇರಬೇಕು. ಬಸ್ಸಿಗೇ ಏನಾದರೂ ಆದರೆ 44 ಮನೆಗಳಿಗೆ ಸುದ್ದಿ ಮುಟ್ಟಿಸುವವರು ಅವರೇ. ಪತ್ರದ ಕೆಳಗೆ 112 ಮತ್ತು ಆಂಬುಲೆನ್ಸಿನ 108 ಸಂಖ್ಯೆಗಳನ್ನೂ ಹಾಕಿ.

ಹಂತ 7: ಮಾದರಿ ಪತ್ರ

ಗೆರೆ ಎಳೆದ ಜಾಗಗಳನ್ನು ತುಂಬಿ, ನಿಮ್ಮ ಕಾರ್ಯಕ್ರಮಕ್ಕೆ ಹೊಂದದ್ದನ್ನು ತೆಗೆದುಹಾಕಿ.

> (ಶಾಲೆಯ ಹೆಸರು, ವಿಳಾಸ, ದೂರವಾಣಿ)
> ದಿನಾಂಕ: ________
>
> ಮಾನ್ಯ ಪೋಷಕರೇ,
>
> ವಿಷಯ: 9ನೇ ತರಗತಿಯ ಶೈಕ್ಷಣಿಕ ಪ್ರವಾಸಕ್ಕೆ ತಮ್ಮ ಒಪ್ಪಿಗೆ ಕೋರಿ.
>
> ನಮ್ಮ ಶಾಲೆಯಿಂದ ದಿನಾಂಕ ____ ರಿಂದ ____ ರವರೆಗೆ ಹಂಪಿ, ಐಹೊಳೆ, ಪಟ್ಟದಕಲ್ಲು, ಬಾದಾಮಿಗೆ ಪ್ರವಾಸ ಏರ್ಪಡಿಸಿದ್ದೇವೆ. ಇದಕ್ಕೆ ಇಲಾಖೆಯ ಅನುಮತಿ ಪಡೆದಿದ್ದೇವೆ (ಆದೇಶ ಸಂಖ್ಯೆ ____, ದಿನಾಂಕ ____). ಪ್ರವಾಸ ಕಡ್ಡಾಯವಲ್ಲ. ಬಾರದ ಮಕ್ಕಳಿಗೆ ಆ ದಿನಗಳಲ್ಲಿ ಶಾಲೆ ಎಂದಿನಂತೆ ನಡೆಯುತ್ತದೆ.
>
> ಕಾರ್ಯಕ್ರಮ: ದಿನವಾರು ಪಟ್ಟಿ ಹಿಂಬದಿಯಲ್ಲಿದೆ. ಹೊರಡುವುದು ಶಾಲೆಯ ಆವರಣದಿಂದ ಬೆಳಿಗ್ಗೆ 6ಕ್ಕೆ. ವಾಪಸು ಬರುವುದು ನಾಲ್ಕನೇ ದಿನ ಸಂಜೆ ಸುಮಾರು ____ ಕ್ಕೆ.
>
> ವೆಚ್ಚ: ರೂ. ____. ಇದರಲ್ಲಿ ಬಸ್ಸು, ವಸತಿ, ಊಟ-ತಿಂಡಿ, ಪ್ರವೇಶ ಶುಲ್ಕ ಸೇರಿದೆ. ದಿನಾಂಕ ____ ರೊಳಗೆ ಬರುವುದಿಲ್ಲವೆಂದು ತಿಳಿಸಿದರೆ ರೂ. ____ ಹಿಂತಿರುಗಿಸುತ್ತೇವೆ.
>
> ಬಸ್ಸು: ____ ಸೀಟಿನ ಬಸ್ಸು, ಇಬ್ಬರು ಚಾಲಕರು. ಪ್ರತಿ ಮಗುವಿಗೆ ಒಂದು ಸೀಟು. ರಾತ್ರಿ ಪ್ರಯಾಣ ಇಲ್ಲ. ಬಸ್ಸಿನ ಸಂಖ್ಯೆ ಮತ್ತು ಚಾಲಕರ ವಿವರವನ್ನು ಹಿಂದಿನ ಸಂಜೆ 6ರೊಳಗೆ ತಿಳಿಸುತ್ತೇವೆ.
>
> ವಸತಿ: ಮೊದಲ ಎರಡು ರಾತ್ರಿ ಹೊಸಪೇಟೆಯ ________ (ದೂರವಾಣಿ ____). ಮೂರನೇ ರಾತ್ರಿ ಬಾದಾಮಿಯ ________ (ದೂರವಾಣಿ ____). ಕೋಣೆಗೆ ನಾಲ್ಕು ಮಕ್ಕಳು. ಹುಡುಗಿಯರಿಗೆ ಪ್ರತ್ಯೇಕ ಮಹಡಿ, ಅದೇ ಮಹಡಿಯಲ್ಲಿ ಶಿಕ್ಷಕಿಯರು ಇರುತ್ತಾರೆ. ಮಗುವನ್ನು ನೆಂಟರೊಂದಿಗೆ ಹೊರಗೆ ಕಳಿಸುವುದಿಲ್ಲ.
>
> ನೀರು: ಮಕ್ಕಳನ್ನು ನದಿ, ಕೆರೆ, ಈಜುಕೊಳಕ್ಕೆ ಇಳಿಸುವುದಿಲ್ಲ. ತೆಪ್ಪ, ದೋಣಿ ಹತ್ತಿಸುವುದಿಲ್ಲ.
>
> ಸಂಪರ್ಕ: ಉಸ್ತುವಾರಿ ಶಿಕ್ಷಕರು ____, ಶಿಕ್ಷಕಿ ____, ಶಾಲೆಯಲ್ಲಿ ಉಳಿಯುವವರು ____. ತುರ್ತು ಸಹಾಯ 112, ಆಂಬುಲೆನ್ಸ್ 108.
>
> ಮುಖ್ಯ ಶಿಕ್ಷಕರ ಸಹಿ, ಮೊಹರು
>
> – – – – ಇಲ್ಲಿ ಕತ್ತರಿಸಿ, ಕೆಳಗಿನ ಭಾಗವನ್ನು ಶಾಲೆಗೆ ಕೊಡಿ – – – –
>
> ವಿದ್ಯಾರ್ಥಿಯ ಹೆಸರು: ____ ತರಗತಿ, ವಿಭಾಗ: ____
>
> ಮೇಲಿನ ಕಾರ್ಯಕ್ರಮ, ಬಸ್ಸು ಮತ್ತು ವಸತಿಯ ವಿವರಗಳನ್ನು ಓದಿದ್ದೇನೆ / ಓದಿಸಿ ಕೇಳಿದ್ದೇನೆ. ನನ್ನ ಮಗ/ಮಗಳನ್ನು ಕಳಿಸಲು ಒಪ್ಪಿದ್ದೇನೆ [ ] ಒಪ್ಪಿಲ್ಲ [ ].
>
> ಅನಾರೋಗ್ಯ ಅಥವಾ ಅಪಘಾತವಾದರೆ ಹತ್ತಿರದ ಆಸ್ಪತ್ರೆಗೆ ಸೇರಿಸಿ, ಕೂಡಲೇ ನಮಗೆ ತಿಳಿಸಬೇಕು. ನಾವು ಸಂಪರ್ಕಕ್ಕೆ ಸಿಗದಿದ್ದಲ್ಲಿ ಜೀವ ಅಥವಾ ಅಂಗಕ್ಕೆ ಅಪಾಯ ತಪ್ಪಿಸಲು ವೈದ್ಯರು ಸೂಚಿಸುವ ತುರ್ತು ಚಿಕಿತ್ಸೆಗೆ ಒಪ್ಪಿದ್ದೇನೆ.
>
> ಶಿಕ್ಷಕರು ಜ್ವರ, ವಾಂತಿಯ ಮಾತ್ರೆ ಕೊಡಬಹುದು: ಹೌದು [ ] ಇಲ್ಲ [ ]
> ಮಗುವಿನ ಫೋಟೊವನ್ನು ಶಾಲೆಯ ಪುಟದಲ್ಲಿ ಹಾಕಬಹುದು: ಹೌದು [ ] ಇಲ್ಲ [ ]
>
> ವಾಪಸು ಬಂದಾಗ ಮಗುವನ್ನು ಕರೆದೊಯ್ಯುವವರು: ____ ಸಂಬಂಧ: ____ ಮೊಬೈಲ್: ____
>
> ತಾಯಿ/ತಂದೆ/ಪೋಷಕರ ಹೆಸರು ಮತ್ತು ಸಹಿ: ____ ದಿನಾಂಕ: ____
> (ಹೆಬ್ಬೆಟ್ಟಾದರೆ) ಓದಿ ಹೇಳಿದವರ ಹೆಸರು, ಸಹಿ: ____
>
> ಲಗತ್ತು: ಆರೋಗ್ಯ ಮತ್ತು ತುರ್ತು ಸಂಪರ್ಕದ ಹಾಳೆ

ಕತ್ತರಿಸುವ ಗೆರೆ ಅಲ್ಲಿರುವುದಕ್ಕೆ ಕಾರಣವಿದೆ. ಮೇಲಿನ ಭಾಗ ಮನೆಯಲ್ಲೇ ಉಳಿಯಬೇಕು. ಇಡೀ ಪತ್ರವನ್ನು ವಾಪಸು ತರಿಸಿಕೊಂಡರೆ ಹೋಟೆಲಿನ ಹೆಸರಾಗಲಿ ನಿಮ್ಮ ಫೋನ್ ಸಂಖ್ಯೆಯಾಗಲಿ ಮನೆಯಲ್ಲಿ ಇರುವುದಿಲ್ಲ.

ಹಂತ 8: ಹಾಳೆಗಳು ವಾಪಸು ಬಂದ ಮೇಲೆ

ಸಹಿಯನ್ನು ಪ್ರಗತಿ ಪತ್ರದ ಸಹಿಯೊಂದಿಗೆ ಹೋಲಿಸಿ ನೋಡಿ. ಅನುಮಾನ ಬಂದರೆ ಮಗುವನ್ನು ಎಲ್ಲರೆದುರು ಕೇಳಬೇಡಿ, ಮನೆಗೆ ಫೋನ್ ಮಾಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒತ್ತಿದ ಹೆಬ್ಬೆರಳಿನ ಚಿತ್ರವನ್ನು ಒಪ್ಪಿಗೆ ಎಂದು ಎಣಿಸಬೇಡಿ. ಯಾವುದಕ್ಕೆ ಒಪ್ಪಿದರು ಎಂಬುದಕ್ಕೆ ಅದರಲ್ಲಿ ದಾಖಲೆಯಿಲ್ಲ.

ತಂದೆ-ತಾಯಿ ಬೇರೆಯಾಗಿರುವ ಮನೆಗಳಲ್ಲಿ ಮಗು ಯಾರ ಜೊತೆ ಇದೆಯೋ ಅವರ ಸಹಿ ಬೇಕು. ನ್ಯಾಯಾಲಯದ ಆದೇಶವಿದ್ದರೆ ಅದರ ಪ್ರಕಾರ. ಅಜ್ಜಿ ಮನೆಯಲ್ಲಿ ಓದುತ್ತಿರುವ ಮಗುವಿಗೆ ಅಜ್ಜಿಯ ಸಹಿಯ ಜೊತೆ ತಂದೆ ಅಥವಾ ತಾಯಿಯ ಸಹಿಯನ್ನೂ ಪಡೆಯಿರಿ. ಓದಲು ಬಾರದ ಪೋಷಕರಿಗೆ, ಮನೆಯಲ್ಲಿ ಉರ್ದುವೋ ತೆಲುಗೋ ಆಡುವವರಿಗೆ, ಪೋಷಕರ ಸಭೆಯಲ್ಲಿ ಪತ್ರವನ್ನು ಪೂರ್ತಿ ಓದಿ ಹೇಳಿ. ಮಗುವಿನ ಕೈಯಲ್ಲೇ ಅರ್ಥ ಹೇಳಿಸಬೇಡಿ. ನಿಯಮಗಳ ಸಾಲನ್ನು ಅದು ಹಾರಿಸಿಬಿಡುತ್ತದೆ.

ಪತ್ರ ಕಳಿಸಿದ ಮೇಲೆ ಹೋಟೆಲ್ ಬದಲಾದರೆ, ದಿನ ಹೆಚ್ಚಾದರೆ, ಸ್ಥಳ ಸೇರಿದರೆ ಹಳೆಯ ಒಪ್ಪಿಗೆ ಸಾಲದು. ಬದಲಾವಣೆಯನ್ನು ಒಂದು ಚೀಟಿಯಲ್ಲಿ ಬರೆದು ಮತ್ತೆ ಸಹಿ ಪಡೆಯಿರಿ. ಹಿಂದಿನ ದಿನ ಬಸ್ಸಿನ ಸಂಖ್ಯೆ ತಿಳಿಸುವುದಕ್ಕೆ ಮಾತ್ರ ಸಂದೇಶ ಸಾಕು.

ಆರೋಗ್ಯದ ಹಾಳೆಗಳನ್ನು ಹಾಜರಿ ಪಟ್ಟಿಯ ಕ್ರಮದಲ್ಲಿ ಜೋಡಿಸಿ, ನೀರು ತಾಗದ ಫೈಲಿನಲ್ಲಿ ಹಾಕಿ, ಉಸ್ತುವಾರಿ ಶಿಕ್ಷಕರ ಕೈಚೀಲದಲ್ಲಿಡಿ. ಬಸ್ಸಿನ ಡಿಕ್ಕಿಯಲ್ಲಿ ಇಡಬೇಡಿ. ಬೇಕೆಂದಾಗ ಅದು ಕೈಗೆ ಸಿಗುವುದಿಲ್ಲ. ಈ ಹಾಳೆಗಳ ಫೋಟೊ ತೆಗೆದು ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದೂ ಬೇಡ. ಮಗುವಿನ ಕಾಯಿಲೆಯ ವಿವರ ಹತ್ತು ಜನರ ಫೋನಿನಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.

ವಾಪಸು ಬಂದ ಸಂಜೆ, “ಕರೆದೊಯ್ಯುವವರು” ಎಂಬ ಕಾಲಂನಲ್ಲಿ ಹೆಸರಿರುವವರಿಗೇ ಮಗುವನ್ನು ಒಪ್ಪಿಸಿ ಪಟ್ಟಿಯಲ್ಲಿ ಗುರುತು ಹಾಕಿ. ಬಸ್ಸು ತಡವಾಗಿ, ಹಳ್ಳಿಗೆ ಕೊನೆಯ ಬಸ್ಸು ತಪ್ಪಿದ ಮಕ್ಕಳಿದ್ದರೆ ಕೊನೆಯ ಮಗು ಹೋಗುವವರೆಗೆ ಇಬ್ಬರು ಸಿಬ್ಬಂದಿ ಶಾಲೆಯಲ್ಲೇ ಇರಬೇಕು, ಅವರಲ್ಲಿ ಒಬ್ಬರು ಶಿಕ್ಷಕಿ. ಸಹಿಯಾದ ಒಪ್ಪಿಗೆ ಚೀಟಿಗಳು ಶಾಲೆಯ ಕಡತಕ್ಕೆ ಹೋಗುತ್ತವೆ. ಆರೋಗ್ಯದ ಹಾಳೆಗಳನ್ನು, ಪ್ರವಾಸದಲ್ಲಿ ಯಾರಿಗೂ ಚಿಕಿತ್ಸೆಯ ಪ್ರಸಂಗ ಬಂದಿರದಿದ್ದರೆ, ಪೋಷಕರಿಗೆ ವಾಪಸು ಕೊಡಿ ಇಲ್ಲವೇ ಹರಿದುಹಾಕಿ, ಊರಿನಲ್ಲಿ ಉಳಿದವರ ಬಳಿ ಇದ್ದ ಪ್ರತಿಗಳನ್ನೂ ಸೇರಿಸಿ.